ಮಕ್ಕಳ ಕ್ವಿಜ್: ರಾಷ್ಟ್ರೀಯ ದಿನ, ಜಯಂತಿ, ಹಬ್ಬದ ಮಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಕ್ವಿಜ್ ನಡೆಸುವ ಶಿಕ್ಷಕರು, ಮನೆಯಲ್ಲಿ ಮಕ್ಕಳನ್ನು ತಯಾರು ಮಾಡುವ ಅಪ್ಪ ಅಮ್ಮ, ಕೆಲವೊಮ್ಮೆ ಮಕ್ಕಳೇ ಕೇಳುವ ಪ್ರಶ್ನೆಗಳಿವು. ಈ ವಿಷಯದ ಕ್ವಿಜ್‌ನಲ್ಲಿ ಜಗಳ ಆಗುವುದು ಹೆಚ್ಚಾಗಿ ಪ್ರಶ್ನೆ ಕಷ್ಟವಾಗಿದ್ದಕ್ಕಲ್ಲ, ಉತ್ತರ ಪಟ್ಟಿಯಲ್ಲೇ ತಪ್ಪಿದ್ದಕ್ಕೆ. ಅದಕ್ಕೇ ಉತ್ತರದ ಜೊತೆಗೆ ಕಾರಣವನ್ನೂ ಕೊಟ್ಟಿದ್ದೇವೆ.

## ಮೊದಲ ಹಂತ: ತಾರೀಖು ಬದಲಾಗದ ದಿನಗಳು

ಜನವರಿ 26, ಆಗಸ್ಟ್ 15 ಎರಡನ್ನೂ ಮಕ್ಕಳು ಅದಲು ಬದಲು ಮಾಡ್ತಾರೆ. ಪ್ರಶ್ನೆ ಹೇಗೆ ಕೇಳಬೇಕು?

"ಗಣರಾಜ್ಯೋತ್ಸವ ಯಾವಾಗ?" ಎಂದಷ್ಟೇ ಕೇಳಿದರೆ ಮಗು ಊಹೆ ಮಾಡುತ್ತದೆ. ಇರುವುದು ಎರಡೇ ಆಯ್ಕೆ ತಾನೆ. ಅದರ ಬದಲು ಆ ದಿನ ಏನಾಯಿತು ಎಂಬುದರಿಂದ ಶುರು ಮಾಡಿ. 1947ರ ಆಗಸ್ಟ್ 15ರಂದು ಬ್ರಿಟಿಷರ ಆಳ್ವಿಕೆ ಕೊನೆಗೊಂಡಿತು. ಆದರೆ ಆಗ ನಮ್ಮದೇ ಸಂವಿಧಾನ ಇರಲಿಲ್ಲ. ಅದನ್ನು ಬರೆದು ಮುಗಿಸಿ ಸಂವಿಧಾನ ಸಭೆ ಒಪ್ಪಿಕೊಂಡದ್ದು 1949ರ ನವೆಂಬರ್ 26ರಂದು. ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ನಡುವೆ ಎರಡು ತಿಂಗಳು ಕಾದದ್ದೇಕೆ ಎಂಬುದು ದೊಡ್ಡ ಮಕ್ಕಳಿಗೆ ಒಳ್ಳೆಯ ಬೋನಸ್ ಪ್ರಶ್ನೆ. 1930ರ ಜನವರಿ 26ನ್ನು ಪೂರ್ಣ ಸ್ವರಾಜ್ಯದ ದಿನವಾಗಿ ದೇಶವೆಲ್ಲ ಆಚರಿಸಿತ್ತು. ಆ ನೆನಪು ಉಳಿಯಲಿ ಎಂದೇ ಆ ತಾರೀಖನ್ನು ಆರಿಸಿದರು.

ಇಲ್ಲಿ ಉತ್ತರ ಪಟ್ಟಿ ತಪ್ಪುವುದು ಒಂದು ಪದದಲ್ಲಿ. "ಸಂವಿಧಾನವನ್ನು ಅಂಗೀಕರಿಸಿದ ದಿನ" ಎಂದರೆ ಉತ್ತರ ನವೆಂಬರ್ 26. "ಜಾರಿಗೆ ಬಂದ ದಿನ" ಎಂದರೆ ಜನವರಿ 26. "ಸಂವಿಧಾನ ಬಂದ ದಿನ ಯಾವುದು?" ಎಂದು ಸಡಿಲವಾಗಿ ಕೇಳಿದರೆ ಎರಡೂ ಉತ್ತರ ಸರಿಯಾಗುತ್ತವೆ, ಜಗಳವೂ ಶುರುವಾಗುತ್ತದೆ.

ಚಿಕ್ಕ ಮಕ್ಕಳಿಗೆ ಬಾವುಟದ ಹಗ್ಗ ತೋರಿಸಿ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಪ್ರಧಾನಿ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾರೆ. ಜನವರಿ 26ರಂದು ಬಾವುಟ ಮೊದಲೇ ಕಂಬದ ತುದಿಯಲ್ಲಿ ಮಡಿಸಿ ಕಟ್ಟಿರುತ್ತದೆ, ರಾಷ್ಟ್ರಪತಿ ಅದನ್ನು ಬಿಚ್ಚಿ ಹಾರಿಸುತ್ತಾರೆ. ಕೈಯಲ್ಲಿ ಒಮ್ಮೆ ಮಾಡಿ ತೋರಿಸಿದರೆ ಮಗು ಮತ್ತೆ ಮರೆಯುವುದಿಲ್ಲ.

ಅಕ್ಟೋಬರ್ 2 ಅಂದ್ರೆ ಗಾಂಧಿ ಜಯಂತಿ ಅಂತ ಬರೆದರೆ ಸಾಕಲ್ವಾ?

ಸಾಕು. ಆದರೆ "ಅಕ್ಟೋಬರ್ 2 ಯಾರ ಜನ್ಮದಿನ?" ಎಂದು ಕೇಳಿ, ಶಾಸ್ತ್ರೀಜಿ ಹೆಸರು ಹೇಳಿದ ಮಗುವಿಗೆ ತಪ್ಪು ಹಾಕಬೇಡಿ. ಗಾಂಧೀಜಿ ಹುಟ್ಟಿದ್ದು 1869ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿ 1904ರಲ್ಲಿ, ತಾರೀಖು ಒಂದೇ.

ಶಿಕ್ಷಕರ ದಿನ, ಮಕ್ಕಳ ದಿನ, ವಿಜ್ಞಾನ ದಿನ... ಎಲ್ಲವೂ ಯಾರದೋ ಹುಟ್ಟುಹಬ್ಬವೇನಾ?

ಬಹುಪಾಲು ಹೌದು, ಎಲ್ಲವೂ ಅಲ್ಲ. ಒಳ್ಳೆಯ ಕ್ವಿಜ್ ಮಾಸ್ಟರ್ ಪ್ರಶ್ನೆ ಇಡುವುದು ಇಲ್ಲೇ.

ಹುಟ್ಟುಹಬ್ಬಗಳು ಇವು: ಜನವರಿ 12 ವಿವೇಕಾನಂದರದು, ರಾಷ್ಟ್ರೀಯ ಯುವ ದಿನ. ಆಗಸ್ಟ್ 29 ಹಾಕಿ ಆಟಗಾರ ಧ್ಯಾನ್‌ಚಂದ್ ಅವರದು, ಕ್ರೀಡಾ ದಿನ. ಸೆಪ್ಟೆಂಬರ್ 5 ರಾಧಾಕೃಷ್ಣನ್ ಅವರದು, ಶಿಕ್ಷಕರ ದಿನ. ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರದು, ಎಂಜಿನಿಯರ್‌ಗಳ ದಿನ. ಅಕ್ಟೋಬರ್ 31 ಪಟೇಲರದು, ಏಕತಾ ದಿನ. ನವೆಂಬರ್ 14 ನೆಹರೂ ಅವರದು, ಮಕ್ಕಳ ದಿನ. ಡಿಸೆಂಬರ್ 22 ರಾಮಾನುಜನ್ ಅವರದು, ಗಣಿತ ದಿನ.

ಫೆಬ್ರವರಿ 28ರ ವಿಜ್ಞಾನ ದಿನ ಮಾತ್ರ ಬೇರೆ. ಅದು ಸಿ. ವಿ. ರಾಮನ್ ಹುಟ್ಟಿದ ದಿನ ಎಂದು ಎಷ್ಟೋ ಉತ್ತರ ಪಟ್ಟಿಗಳಲ್ಲಿದೆ. ಅವರು ಹುಟ್ಟಿದ್ದು ನವೆಂಬರ್ 7ರಂದು. ಫೆಬ್ರವರಿ 28, 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದ ದಿನ. ಜನವರಿ 25ರ ಮತದಾರರ ದಿನವೂ ಹುಟ್ಟುಹಬ್ಬವೇ, ಆದರೆ ವ್ಯಕ್ತಿಯದಲ್ಲ, 1950ರಲ್ಲಿ ಶುರುವಾದ ಚುನಾವಣಾ ಆಯೋಗದ್ದು.

ಕನ್ನಡ ರಾಜ್ಯೋತ್ಸವಕ್ಕೆ 1956 ಸರಿನಾ, 1973 ಸರಿನಾ?

ಎರಡೂ ನವೆಂಬರ್ 1ರಂದೇ ಆದವು, ಆದ್ದರಿಂದ ಈ ಗೊಂದಲ. ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ರಾಜ್ಯವಾದದ್ದು 1956ರಲ್ಲಿ. ಆಗ ಹೆಸರು ಮೈಸೂರು ರಾಜ್ಯ. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಏಕೀಕರಣ ಕೇಳುತ್ತಿದ್ದೀರೋ ನಾಮಕರಣ ಕೇಳುತ್ತಿದ್ದೀರೋ ಪ್ರಶ್ನೆಯಲ್ಲೇ ಹೇಳಿಬಿಡಿ.

## ಎರಡನೇ ಹಂತ: ಜಯಂತಿಗಳು

ಬಸವ ಜಯಂತಿಗೆ ಯಾವ ತಾರೀಖು ಬರೆಯಲಿ? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ.

ತಾರೀಖೇ ಬರೆಯಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯಂದು, ಅಂದರೆ ಅಕ್ಷಯ ತದಿಗೆಯ ದಿನ. ಅದು 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ನಿಮ್ಮ ಪುಸ್ತಕಗಳೆರಡೂ ತಮ್ಮ ತಮ್ಮ ವರ್ಷದ ಮಟ್ಟಿಗೆ ಸರಿ ಇರಬಹುದು. ಆ ತಾರೀಖನ್ನು ಮುಂದಿನ ವರ್ಷಕ್ಕೂ ಎತ್ತಿಕೊಂಡಾಗ ತಪ್ಪಾಗುತ್ತದೆ. ಪ್ರಶ್ನೆ ಹೀಗಿರಲಿ: "ಬಸವ ಜಯಂತಿ ಯಾವ ಮಾಸದಲ್ಲಿ ಬರುತ್ತದೆ?" ಉತ್ತರ: ವೈಶಾಖ. ತಿಥಿಯನ್ನೂ ಹೇಳಿದರೆ ಹೆಚ್ಚಿನ ಒಂದು ಅಂಕ ಕೊಡಿ.

ಹಾಗಾದ್ರೆ ಎಲ್ಲಾ ಜಯಂತಿಗೂ ಪಂಚಾಂಗ ನೋಡಬೇಕಾ?

ಇಲ್ಲ. ಕರ್ನಾಟಕದಲ್ಲಿ ಆಚರಿಸುವ ಜಯಂತಿಗಳಲ್ಲಿ ಎರಡು ಗುಂಪಿದೆ. ಒಂದು ಗುಂಪಿಗೆ ಇಂಗ್ಲಿಷ್ ತಾರೀಖು ಗಟ್ಟಿ: ವೇಮನ ಜಯಂತಿ ಜನವರಿ 19, ಅಂಬಿಗರ ಚೌಡಯ್ಯ ಜಯಂತಿ ಜನವರಿ 21, ಸಂತ ಸೇವಾಲಾಲ್ ಜಯಂತಿ ಫೆಬ್ರವರಿ 15, ಸರ್ವಜ್ಞ ಜಯಂತಿ ಫೆಬ್ರವರಿ 20. ಸಂತರಲ್ಲದಿದ್ದರೂ ಇದೇ ಸುತ್ತಿನಲ್ಲಿ ಕೇಳಬಹುದಾದವು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಮತ್ತು ಜೂನ್ 27ರ ಕೆಂಪೇಗೌಡ ಜಯಂತಿ.

ಇನ್ನೊಂದು ಗುಂಪು ಚಂದ್ರನನ್ನು ನೋಡಿ ನಡೆಯುತ್ತದೆ. ಮಹಾವೀರ ಜಯಂತಿ ಚೈತ್ರ ಶುದ್ಧ ತ್ರಯೋದಶಿ. ಅಕ್ಕಮಹಾದೇವಿ ಜಯಂತಿ ಚೈತ್ರದ ಹುಣ್ಣಿಮೆ, ಅಂದರೆ ದವನದ ಹುಣ್ಣಿಮೆ. ಶಂಕರ ಜಯಂತಿ ವೈಶಾಖ ಶುದ್ಧ ಪಂಚಮಿ, ಬಸವ ಜಯಂತಿಯಾದ ಎರಡು ತಿಥಿಗೆ. ಬುದ್ಧ ಪೂರ್ಣಿಮೆ ಅದೇ ವೈಶಾಖದ ಹುಣ್ಣಿಮೆ. ವಾಲ್ಮೀಕಿ ಜಯಂತಿ ಆಶ್ವಯುಜದ ಹುಣ್ಣಿಮೆ, ನಮ್ಮ ಸೀಗೆ ಹುಣ್ಣಿಮೆಯ ದಿನ. ಗುರುನಾನಕ್ ಜಯಂತಿ ಕಾರ್ತಿಕದ ಹುಣ್ಣಿಮೆ. ಅಲ್ಲಿಂದ ಮೂರನೇ ದಿನ, ಕಾರ್ತಿಕ ಬಹುಳ ತದಿಗೆಗೆ, ಕನಕದಾಸ ಜಯಂತಿ.

ಕನಕ ಜಯಂತಿಯನ್ನು ಹಲವರು ನವೆಂಬರ್‌ನ ಒಂದು ಗೊತ್ತಾದ ತಾರೀಖು ಅಂದುಕೊಳ್ಳುತ್ತಾರೆ. 2023ರಲ್ಲಿ ಅದು ನವೆಂಬರ್ 30, 2024ರಲ್ಲಿ 18, 2025ರಲ್ಲಿ 8. ಮೂರೂ ಸಲ ನವೆಂಬರ್ ಆದದ್ದರಿಂದಲೇ ಈ ಭ್ರಮೆ.

ಜಯಂತಿ, ಆರಾಧನೆ ಎರಡೂ ಒಂದೇ ತಾನೆ?

ಅಲ್ಲ. ಜಯಂತಿ ಹುಟ್ಟಿದ ದಿನ. ಆರಾಧನೆ ದೇಹ ಬಿಟ್ಟ ಅಥವಾ ವೃಂದಾವನ ಪ್ರವೇಶ ಮಾಡಿದ ದಿನ. ಈ ವ್ಯತ್ಯಾಸ ತಿಳಿಯದೆ ಬರೆದ ಪ್ರಶ್ನೆಗಳು ಬಹಳ ಇವೆ.

ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ನಡೆಯುತ್ತದೆ. ಅದನ್ನು "ಪುರಂದರ ಜಯಂತಿ" ಎಂದು ಕೇಳಿದರೆ ಪ್ರಶ್ನೆಯೇ ತಪ್ಪು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ವಿಷಯದಲ್ಲಿ ಎರಡೂ ದಿನ ಪ್ರಸಿದ್ಧ. ಶ್ರಾವಣ ಬಹುಳ ಬಿದಿಗೆ ಆರಾಧನೆಯ ಮಧ್ಯದ ದಿನ, ಹಿಂದಿನದು ಪೂರ್ವಾರಾಧನೆ, ಮುಂದಿನದು ಉತ್ತರಾರಾಧನೆ. ಹುಟ್ಟಿದ ದಿನವಾದ ಫಾಲ್ಗುಣ ಶುದ್ಧ ಸಪ್ತಮಿಯನ್ನು ವರ್ಧಂತಿ ಎನ್ನುತ್ತಾರೆ.

ಮಧ್ವಾಚಾರ್ಯರದು ಇನ್ನೂ ಸೂಕ್ಷ್ಮ. 'ಮಧ್ವನವಮಿ' ಎಂಬ ಹೆಸರು ಕೇಳಿದ ಕೂಡಲೇ ರಾಮನವಮಿಯಂತೆ ಇದೂ ಹುಟ್ಟಿದ ದಿನ ಅನ್ನಿಸುತ್ತದೆ. ಆದರೆ ಮಾಘ ಶುದ್ಧ ನವಮಿ ಅವರು ಬದರಿಗೆ ತೆರಳಿದ ದಿನ. ಮಧ್ವ ಜಯಂತಿ ವಿಜಯದಶಮಿಯಂದು. ಫೈನಲ್ ಸುತ್ತಿಗೆ ಇಟ್ಟುಕೊಳ್ಳಬಹುದಾದ ಪ್ರಶ್ನೆ ಇದು.

## ಮೂರನೇ ಹಂತ: ಯಾವ ಹಬ್ಬ ಯಾವ ಮಾಸ

ಹನ್ನೆರಡು ಮಾಸ ಬಾಯಿಪಾಠ ಆಗಿದೆ, ಆದ್ರೆ ಹಬ್ಬ ಜೋಡಿಸೋಕೆ ಬರಲ್ಲ. ಏನು ಮಾಡ್ಲಿ?

ಮಾಸಕ್ಕೆ ಒಂದೊಂದೇ ಹಬ್ಬವನ್ನು ಗೂಟದ ಹಾಗೆ ನೆಟ್ಟುಕೋ. ಉಳಿದ ಹಬ್ಬಗಳನ್ನು ಆಮೇಲೆ ಅದರ ಅಕ್ಕಪಕ್ಕ ಕಟ್ಟಬಹುದು. ಚೈತ್ರದ ಮೊದಲ ದಿನ ಯುಗಾದಿ. ವೈಶಾಖಕ್ಕೆ ಬಸವ ಜಯಂತಿ. ಜ್ಯೇಷ್ಠಕ್ಕೆ ಕಾರ ಹುಣ್ಣಿಮೆ. ಆಷಾಢದ ಕೊನೆಗೆ ಭೀಮನ ಅಮಾವಾಸ್ಯೆ. ಶ್ರಾವಣಕ್ಕೆ ನಾಗರ ಪಂಚಮಿ. ಭಾದ್ರಪದಕ್ಕೆ ಗೌರಿ ಗಣೇಶ. ಆಶ್ವಯುಜಕ್ಕೆ ದಸರಾ. ಕಾರ್ತಿಕಕ್ಕೆ ತುಳಸಿ ಹಬ್ಬ. ಮಾರ್ಗಶಿರಕ್ಕೆ ಸುಬ್ರಹ್ಮಣ್ಯ ಷಷ್ಠಿ. ಪುಷ್ಯಕ್ಕೆ ಸಂಕ್ರಾಂತಿ. ಮಾಘಕ್ಕೆ ಶಿವರಾತ್ರಿ. ಫಾಲ್ಗುಣದ ಹುಣ್ಣಿಮೆಗೆ ಹೋಳಿ.

ಹನ್ನೆರಡು ಚೀಟಿಯಲ್ಲಿ ಮಾಸ, ಹನ್ನೆರಡರಲ್ಲಿ ಹಬ್ಬ ಬರೆದು ಕಲಸಿ ಜೋಡಿಸು. ಹೆಚ್ಚಾಗಿ ತಪ್ಪುವುದು ಶ್ರಾವಣ–ಭಾದ್ರಪದದ ಜಾಗದಲ್ಲಿ. ವರಮಹಾಲಕ್ಷ್ಮಿ, ನೂಲ ಹುಣ್ಣಿಮೆ, ಕೃಷ್ಣಾಷ್ಟಮಿ ಮೂರೂ ಶ್ರಾವಣಕ್ಕೇ ಸೇರಿದವು. ಆ ಮಾಸ ಮುಗಿದು ಅಮಾವಾಸ್ಯೆ ಕಳೆದ ಮೇಲೆಯೇ ಗೌರಿ ಬರುವುದು.

ಗಣೇಶನ ಹಬ್ಬ ಸೆಪ್ಟೆಂಬರ್ ಅಂತ ಬರೆದ ನನ್ನ ಮಗಳಿಗೆ ತಪ್ಪು ಹಾಕಿದ್ರು. ಯಾಕೆ?

ಪ್ರಶ್ನೆಯಲ್ಲಿ "ಯಾವ ಮಾಸ" ಎಂದಿದ್ದರೆ ಉತ್ತರ ಭಾದ್ರಪದ. "ಯಾವ ತಿಂಗಳು" ಎಂದಿದ್ದರೆ ಸೆಪ್ಟೆಂಬರ್ ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಲೆಕ್ಕ ಹಾಕಿ ನೋಡಿ.

2024ರಲ್ಲಿ ಗಣೇಶ ಚೌತಿ ಬಂದದ್ದು ಸೆಪ್ಟೆಂಬರ್ 7. 2025ರಲ್ಲಿ ಆಗಸ್ಟ್ 27. ಹನ್ನೊಂದು ದಿನ ಹಿಂದೆ ಸರಿಯಿತು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷ 365 ದಿನ, ಆ ವ್ಯತ್ಯಾಸವೇ ಈ ಹನ್ನೊಂದು. ಹೀಗೇ ಬಿಟ್ಟರೆ ಗಣೇಶ ಒಂದು ದಿನ ಬೇಸಿಗೆಗೆ ಬಂದುಬಿಡುತ್ತಾನೆ. ಹಾಗಾಗದಂತೆ ತಡೆಯುವುದು ಅಧಿಕ ಮಾಸ. ಸುಮಾರು 32–33 ತಿಂಗಳಿಗೊಮ್ಮೆ ಒಂದು ಮಾಸ ಎರಡು ಸಲ ಬರುತ್ತದೆ, ಮೊದಲನೆಯದು ಅಧಿಕ, ಎರಡನೆಯದು ನಿಜ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದರ ನಂತರದ ಹಬ್ಬಗಳೆಲ್ಲ ಮುಂದೆ ಜಿಗಿಯುತ್ತವೆ, ಚೌತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ.

ಇಂಗ್ಲಿಷ್ ತಿಂಗಳನ್ನೇ ಕೇಳಬೇಕಿದ್ದರೆ "ಆಗಸ್ಟ್–ಸೆಪ್ಟೆಂಬರ್" ಎಂದು ಜೋಡಿಯಾಗಿ ಉತ್ತರ ಇಡಿ, ಎರಡರಲ್ಲಿ ಯಾವುದು ಹೇಳಿದರೂ ಅಂಕ ಕೊಡಿ. ಯುಗಾದಿಗೂ ಹಾಗೆಯೇ, ಮಾರ್ಚ್–ಏಪ್ರಿಲ್.

ದೀಪಾವಳಿ ಆಶ್ವಯುಜವೋ ಕಾರ್ತಿಕವೋ?

ಎರಡೂ. ನರಕ ಚತುರ್ದಶಿ ಮತ್ತು ಅಮಾವಾಸ್ಯೆಯ ಲಕ್ಷ್ಮೀಪೂಜೆ ಆಶ್ವಯುಜದ ಕೊನೆಯ ಎರಡು ದಿನ. ಮರುದಿನದ ಬಲಿಪಾಡ್ಯಮಿ ಕಾರ್ತಿಕದ ಮೊದಲ ದಿನ. ಆಶ್ವಯುಜದ ಕೊನೆಗೆ ಹಚ್ಚಿದ ದೀಪ ಕಾರ್ತಿಕದಲ್ಲೂ ಉರಿಯುತ್ತದೆ ಎಂದು ಮಕ್ಕಳಿಗೆ ಹೇಳಿ. ಉತ್ತರ ಪಟ್ಟಿಯಲ್ಲಿ ಒಂದೇ ಮಾಸ ಬರೆಯಬೇಕಿದ್ದರೆ "ದೀಪಾವಳಿ" ಎನ್ನದೆ "ನರಕ ಚತುರ್ದಶಿ" ಅಥವಾ "ಬಲಿಪಾಡ್ಯಮಿ" ಎಂದು ಬಿಡಿಸಿ ಕೇಳಿ.

ಎಲ್ಲಾ ಹಬ್ಬ ಹಿಂದೆ ಮುಂದೆ ಆಗುತ್ತೆ, ಸಂಕ್ರಾಂತಿ ಮಾತ್ರ ಜನವರಿ 14ಕ್ಕೇ ಯಾಕೆ ಬರುತ್ತೆ?

ಯಾಕೆಂದರೆ ಅದು ಚಂದ್ರನ ಹಬ್ಬವಲ್ಲ, ಸೂರ್ಯನ ಹಬ್ಬ. ಸೂರ್ಯ ಮಕರ ರಾಶಿಗೆ ಕಾಲಿಡುವ ದಿನವೇ ಸಂಕ್ರಾಂತಿ. ಇಂಗ್ಲಿಷ್ ಕ್ಯಾಲೆಂಡರ್ ಕೂಡ ಸೂರ್ಯನದೇ ಆದ್ದರಿಂದ ಎರಡೂ ಜೊತೆಜೊತೆಗೆ ಸಾಗುತ್ತವೆ. ಒಂದು ದಿನದ ಹೆಚ್ಚುಕಮ್ಮಿ ಇದ್ದೇ ಇದೆ, 2024ರಲ್ಲಿ 15ಕ್ಕೆ ಬಂತು. ಆದ್ದರಿಂದ "ಜನವರಿ 14 ಅಥವಾ 15" ಎಂದು ಬರೆಯಿರಿ.

ಇಲ್ಲೊಂದು ಚಂದದ ಸಂಗತಿ ಇದೆ. ಸಂಕ್ರಾಂತಿ ಸೂರ್ಯನದಾದರೂ ಪುಷ್ಯ ಮಾಸದಲ್ಲೇ ಸಿಗುತ್ತದಲ್ಲ, ಹೇಗೆ? ಯಾವ ಚಾಂದ್ರಮಾಸದಲ್ಲಿ ಸೂರ್ಯ ಮಕರಕ್ಕೆ ಹೋಗುತ್ತಾನೋ ಆ ಮಾಸಕ್ಕೇ ಪುಷ್ಯ ಎಂದು ಹೆಸರು. ಮೇಷಕ್ಕೆ ಹೋಗುವ ಮಾಸ ಚೈತ್ರ, ಹೀಗೆ ಹನ್ನೆರಡಕ್ಕೂ. ಸೂರ್ಯ ಯಾವ ರಾಶಿಗೂ ದಾಟದೆ ಕಳೆದುಹೋದ ಮಾಸವೇ ಅಧಿಕ ಮಾಸ.

ರಂಜಾನ್ ಯಾವ ತಿಂಗಳಲ್ಲಿ ಬರುತ್ತೆ?

ರಂಜಾನ್ ಎಂಬುದೇ ಒಂದು ತಿಂಗಳ ಹೆಸರು, ಹಿಜರಿ ವರ್ಷದ ಒಂಬತ್ತನೆಯದು. ಆ ತಿಂಗಳು ಪೂರ್ತಿ ಉಪವಾಸ. ಹಬ್ಬ ಬರುವುದು ಅದು ಮುಗಿದ ಮೇಲೆ, ಶವ್ವಾಲ್ ತಿಂಗಳ ಮೊದಲ ದಿನ. "ಈದುಲ್ ಫಿತ್ರ್ ಯಾವ ಹಿಜರಿ ತಿಂಗಳಲ್ಲಿ?" ಎಂಬ ಪ್ರಶ್ನೆಗೆ ರಂಜಾನ್ ಎಂದರೆ ತಪ್ಪು. ಬಕ್ರೀದ್ ಕೊನೆಯ ತಿಂಗಳಾದ ಜಿಲ್‌ಹಜ್‌ನ ಹತ್ತನೇ ದಿನ.

ಹಿಜರಿ ವರ್ಷಕ್ಕೂ 354 ದಿನವೇ, ಆದರೆ ಅಲ್ಲಿ ಅಧಿಕ ಮಾಸವಿಲ್ಲ. ಇದನ್ನು ಕಣ್ಣಾರೆ ತೋರಿಸಲು ಗೋಡೆಯ ಕ್ಯಾಲೆಂಡರ್ ಸಾಕು. 2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಹಬ್ಬ 11. 2025ರಲ್ಲಿ ಯುಗಾದಿ ಮಾರ್ಚ್ 30, ರಂಜಾನ್ ಹಬ್ಬ 31. ಎರಡೂ ಕೈ ಹಿಡಿದುಕೊಂಡಂತೆ ಹಿಂದೆ ಸರಿದವು. 2026ರ ಅಧಿಕ ಜ್ಯೇಷ್ಠ ಯುಗಾದಿಯನ್ನು ಮುಂದಕ್ಕೆ ತಳ್ಳುವುದರಿಂದ 2027ರಲ್ಲಿ ಅದು ಏಪ್ರಿಲ್ 7ಕ್ಕೆ ಹೋಗುತ್ತದೆ, ರಂಜಾನ್ ಹಬ್ಬ ಮಾರ್ಚ್ ಎರಡನೇ ವಾರದ ಆಸುಪಾಸಿಗೇ ಬರುತ್ತದೆ.

## ನಾಲ್ಕನೇ ಹಂತ: ಉತ್ತರ ಪಟ್ಟಿ ಮಾಡುವವರಿಗೆ

ಶಿವರಾತ್ರಿ ಫಾಲ್ಗುಣ ಅಂತ ಒಂದು ಕಡೆ, ಮಾಘ ಅಂತ ಇನ್ನೊಂದು ಕಡೆ. ಯಾವುದು ತಪ್ಪು?

ಯಾವುದೂ ತಪ್ಪಲ್ಲ, ಆಚರಿಸುವ ರಾತ್ರಿಯೂ ಒಂದೇ. ನಮ್ಮಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ. ಉತ್ತರ ಭಾರತದ ಬಹುಭಾಗದಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಎರಡೂ ಕಡೆ ಹೆಸರು ಒಂದೇ ಇರುತ್ತದೆ. ಹುಣ್ಣಿಮೆ ದಾಟಿದ ಕೂಡಲೇ ಅವರು ಮುಂದಿನ ಮಾಸದ ಹೆಸರು ಹಿಡಿಯುತ್ತಾರೆ, ನಾವು ಅಮಾವಾಸ್ಯೆವರೆಗೆ ಹಳೆಯ ಹೆಸರಲ್ಲೇ ಇರುತ್ತೇವೆ. ಶಿವರಾತ್ರಿ ಬಹುಳ ಚತುರ್ದಶಿ, ಅದಕ್ಕೇ ನಮಗೆ ಮಾಘ, ಅವರಿಗೆ ಫಾಲ್ಗುಣ. ಕೃಷ್ಣಾಷ್ಟಮಿ ನಮಗೆ ಶ್ರಾವಣ, ಅವರಿಗೆ ಭಾದ್ರಪದ.

ಹಿಂದಿ ಪುಸ್ತಕದಿಂದ ಅನುವಾದಿಸಿದ ಕ್ವಿಜ್ ಕೈಗೆ ಬಂದರೆ ಬಹುಳದಲ್ಲಿ ಬರುವ ಹಬ್ಬಗಳನ್ನಷ್ಟೇ ಪರೀಕ್ಷಿಸಿ. ರಾಮನವಮಿ, ಚೌತಿ, ವಿಜಯದಶಮಿಯಂಥ ಶುಕ್ಲಪಕ್ಷದ ಹಬ್ಬಗಳಿಗೆ ಈ ತೊಂದರೆ ಇಲ್ಲ.

ಎರಡು ಕ್ಯಾಲೆಂಡರ್‌ನಲ್ಲಿ ಒಂದೇ ಹಬ್ಬಕ್ಕೆ ಎರಡು ದಿನ ಇದ್ರೆ?

ತಿಥಿ ನಡುರಾತ್ರಿಗೆ ಬದಲಾಗುವುದಿಲ್ಲ, ದಿನದ ಯಾವ ಹೊತ್ತಿಗಾದರೂ ಬದಲಾಗಬಹುದು. 2023ರಲ್ಲಿ ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ ಶುರುವಾಗಿ 19ರ ಮಧ್ಯಾಹ್ನ ಮುಗಿಯಿತು. ಗಣೇಶನ ಪೂಜೆಗೆ ಮಧ್ಯಾಹ್ನವೇ ಮುಖ್ಯವಾದ್ದರಿಂದ ಕೆಲವರು 18ಕ್ಕೆ, ಕೆಲವರು 19ಕ್ಕೆ ಮಾಡಿದರು. ಇದಲ್ಲದೆ ಪದ್ಧತಿಯ ವ್ಯತ್ಯಾಸವೂ ಇದೆ. ಉಡುಪಿಯ ಕೃಷ್ಣಮಠದಲ್ಲಿ ಸೌರ ಲೆಕ್ಕದ ಸಿಂಹ ಮಾಸ ನೋಡಿ ಜನ್ಮಾಷ್ಟಮಿ ಮಾಡುವುದರಿಂದ ಕೆಲವು ವರ್ಷ ಅದು ತಿಂಗಳು ತಡವಾಗಿ ಬರುತ್ತದೆ. ಹನುಮ ಜಯಂತಿಯನ್ನು ಚೈತ್ರದ ಹುಣ್ಣಿಮೆಗೆ ಮಾಡುವವರೂ ಇದ್ದಾರೆ, ಮಾರ್ಗಶಿರ ಶುದ್ಧ ತ್ರಯೋದಶಿಗೆ ಮಾಡುವವರೂ ಇದ್ದಾರೆ. ಇಂಥ ಹಬ್ಬಗಳನ್ನು ಕ್ವಿಜ್‌ನಿಂದ ಬಿಡಿ. ಬಿಡಲು ಮನಸ್ಸಿಲ್ಲದಿದ್ದರೆ ಎರಡೂ ಉತ್ತರ ಪಟ್ಟಿಯಲ್ಲಿರಲಿ. ಮನೆಯಲ್ಲಿ ಕಂಡದ್ದನ್ನೇ ಹೇಳಿದ ಮಗುವಿಗೆ ಅಂಕ ತಪ್ಪಬಾರದು.

ನಾಳೆಯೇ ಕ್ವಿಜ್ ಇದೆ. ಮಧ್ಯೆ ಸೇರಿಸೋಕೆ ಒಂದು ಸುತ್ತು ಕೊಡ್ತೀರಾ?

ಪ್ರತಿ ಪ್ರಶ್ನೆಗೆ 30 ಸೆಕೆಂಡ್ ಕೊಡಿ. ಮೊದಲ ಎರಡು ಚಿಕ್ಕವರಿಗೆ, ಕೊನೆಯದು ದೊಡ್ಡವರಿಗೆ.

1. ಜನವರಿ 30ನ್ನು ಏನೆಂದು ಆಚರಿಸುತ್ತೇವೆ? – ಹುತಾತ್ಮರ ದಿನ. 1948ರಲ್ಲಿ ಗಾಂಧೀಜಿ ಹತರಾದ ದಿನ.
2. ಡಿಸೆಂಬರ್ 29 ಯಾವ ಕನ್ನಡ ಕವಿಯ ಜನ್ಮದಿನ? – ಕುವೆಂಪು. ವಿಶ್ವಮಾನವ ದಿನ.
3. ರಥಸಪ್ತಮಿ ಯಾವ ಮಾಸ? – ಮಾಘ. 'ಫಾಲ್ಗುಣ' ಎಂದರೆ ಇಲ್ಲಿ ತಪ್ಪೇ, ಅದು ಶುಕ್ಲಪಕ್ಷದ ಹಬ್ಬ.
4. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ಯಾವಾಗ? – ಕಾರ್ತಿಕದ ಕೊನೆಯ ಸೋಮವಾರ.
5. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ಬಾವುಟ ಹಾರಿಸುವುದೇಕೆ? – 1948ರಲ್ಲಿ ಆ ಪ್ರದೇಶ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ನೆನಪಿಗೆ.
6. ಕಾರ್ತಿಕ ಮಾಸದ ಹೆಸರು ಯಾವ ನಕ್ಷತ್ರದಿಂದ ಬಂತು? – ಕೃತ್ತಿಕಾ. ಆ ಮಾಸದ ಹುಣ್ಣಿಮೆಯ ಚಂದ್ರ ಆ ನಕ್ಷತ್ರದ ಹತ್ತಿರ ಇರುತ್ತಾನೆ. ಆ ರಾತ್ರಿ ಮೋಡವಿಲ್ಲದಿದ್ದರೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಚಂದ್ರನ ಪಕ್ಕದಲ್ಲಿ ಆ ಪುಟ್ಟ ನಕ್ಷತ್ರದ ಗೊಂಚಲನ್ನು ಹುಡುಕಲು ಹೇಳಿ.